ಕಾಡುಪಾಪದ ವಿಳಾಸ

ತುಮಕೂರು ಸೀಮೆಯ ಹುಣಸೆ ತೋಪೊಂದರಲ್ಲಿ ಕಾಡುಪಾಪದ ಚಿತ್ರ ತೆಗೆದ ಗೆಳೆಯರೊಬ್ಬರು ಅದನ್ನು ಅಳಿಸಿಹಾಕುವ ಯೋಚನೆಯಲ್ಲಿದ್ದಾರೆ. ಹಂಚಿಕೊಂಡರೆ ಬೇಟೆಗಾರರಿಗೆ ದಾರಿ ತೋರಿಸಿದಂತಾದೀತು ಎಂಬುದು ಅವರ ಅಂಜಿಕೆ. ಅದು ಸುಳ್ಳಲ್ಲ, ಮಾಟಮಂತ್ರಕ್ಕೆಂದು ಈ ಬಡಪ್ರಾಣಿಯನ್ನು ಹಿಡಿಯುವವರು ನಮ್ಮಲ್ಲೇ ಇದ್ದಾರೆ. ಆದರೆ ಅಳಿಸುವುದು ಅದಕ್ಕೆ ಮದ್ದಲ್ಲ.

ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಮೊಬೈಲು ಪ್ರತಿ ಚಿತ್ರದ ಫೈಲಿನೊಳಗೂ ಅಕ್ಷಾಂಶ, ರೇಖಾಂಶ ಬರೆದಿಡುತ್ತದೆ. ಎಕ್ಸಿಫ್ ಎನ್ನುವುದು ಈ ಗುಪ್ತ ಟಿಪ್ಪಣಿಯನ್ನೇ. ಡಿಗ್ರಿಯ ದಶಮಾಂಶದ ನಾಲ್ಕನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ ಸುಮಾರು 11 ಮೀಟರ್ ಸರಿದಂತೆ. ಬಯಲಿನಲ್ಲಿ ಜಿಪಿಎಸ್ ತಪ್ಪುವುದೂ ಕೆಲವೇ ಮೀಟರು. ಹಾಗಾಗಿ ಚಿತ್ರ ಸಿಕ್ಕವನಿಗೆ ತೋಪಷ್ಟೇ ಅಲ್ಲ, ಹೆಚ್ಚುಕಡಿಮೆ ಮರವೇ ಸಿಗುತ್ತದೆ.

ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಫೋಟೋ ಕಳಿಸಿದರೆ ಈ ಟಿಪ್ಪಣಿ ಕಳಚಿಹೋಗುತ್ತದೆ. ತೊಂದರೆ ಬರುವುದು ನಮ್ಮಂಥ ಚಿತ್ರದ ಹುಚ್ಚರಿಗೆ. ಗುಣಮಟ್ಟ ಕೆಡಬಾರದೆಂದು ಅದನ್ನೇ ಡಾಕ್ಯುಮೆಂಟ್ ಆಗಿಯೋ ಇಮೇಲ್ ಲಗತ್ತಾಗಿಯೋ ಕಳಿಸುತ್ತೇವೆ. ಆಗ ವಿಳಾಸವೂ ಜೊತೆಗೇ ಹೋಗುತ್ತದೆ. ಐಫೋನಿನಲ್ಲಾದರೆ ಹಂಚುವ ಪರದೆಯ ಮೇಲ್ಭಾಗದ Options ಒತ್ತಿ Location ಆಫ್ ಮಾಡಬಹುದು. ಕಂಪ್ಯೂಟರಿನಲ್ಲಿ ನನ್ನ ಮೆಚ್ಚಿನ ಸಾಧನ ಫಿಲ್ ಹಾರ್ವೆ ಬರೆದ, ಉಚಿತವಾಗಿ ಸಿಗುವ ಎಕ್ಸಿಫ್‌ಟೂಲ್:

```
exiftool -gps:all= -xmp:geotag= papa.jpg
```

ಎರಡನೆಯ ಭಾಗ ಏಕೆಂದರೆ, ಚಿತ್ರ ತಿದ್ದುವ ಕೆಲವು ತಂತ್ರಾಂಶಗಳು ಸ್ಥಳವನ್ನು ಎಕ್ಸ್‌ಎಂಪಿ ಎಂಬ ಇನ್ನೊಂದು ಜಾಗದಲ್ಲೂ ಬರೆದಿರುತ್ತವೆ. ಇಲ್ಲೊಂದು ಎಚ್ಚರ ಬೇಕು. ಈ ಆಜ್ಞೆ ಮೂಲಚಿತ್ರವನ್ನು papa.jpg_original ಹೆಸರಿನಲ್ಲಿ ಅದೇ ಫೋಲ್ಡರಿನಲ್ಲಿ ಉಳಿಸುತ್ತದೆ, ಅದರಲ್ಲಿ ವಿಳಾಸ ಹಾಗೇ ಇರುತ್ತದೆ. ಫೋಲ್ಡರನ್ನೇ ಜಿಪ್ ಮಾಡಿ ಕಳಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕಳಿಸುವ ಮುನ್ನ ಹೀಗೆ ನೋಡಿ, ಏನೂ ಕಾಣಿಸದಿದ್ದರೆ ಕೆಲಸ ಆಯಿತು:

```
exiftool "-gps*" papa.jpg
```

ಇನ್ನು ಅಳಿಸುವ ಮಾತು. ಐಫೋನಿನಲ್ಲಿ ಅಳಿಸಿದ ಚಿತ್ರ 30 ದಿನ Recently Deleted ಆಲ್ಬಮ್ಮಿನಲ್ಲೇ ಇರುತ್ತದೆ. ಅಲ್ಲಿಂದ ತೆಗೆದರೂ ಈಗಾಗಲೇ ಬೇರೆಯವರ ಫೋನು ಸೇರಿದ ಪ್ರತಿಗೆ ಏನೂ ಆಗದು. ಒಂದು ವೇಳೆ ಎಲ್ಲೆಡೆಯಿಂದ ಅಳಿಸಿಹೋಯಿತೆನ್ನಿ, ಆ ತೋಪಿನಲ್ಲಿ ಇಂಥ ದಿನ ಕಾಡುಪಾಪ ಇತ್ತೆಂಬ ದಾಖಲೆಯೂ ಹೋಯಿತು. ನಾಳೆ ರಸ್ತೆಗಾಗಿ ಮರ ಕಡಿಯಲು ಬಂದಾಗ ಅರಣ್ಯ ಇಲಾಖೆಯ ಮುಂದಿಡಲು ದಿನಾಂಕ, ಸ್ಥಳ ಎರಡೂ ಇರುವ ಆ ಮೂಲಚಿತ್ರವೇ ಬೇಕು. ಐನ್ಯಾಚುರಲಿಸ್ಟ್ ತಾಣಕ್ಕೆ ಸೇರಿಸುವಾಗ Obscured ಆರಿಸಿದರೆ ಸಾರ್ವಜನಿಕರಿಗೆ 0.2 ಡಿಗ್ರಿಯ, ಅಂದರೆ ಸುಮಾರು 22 ಕಿಲೋಮೀಟರ್ ಅಗಲದ ಚೌಕವಷ್ಟೇ ಕಾಣುತ್ತದೆ.

ಈ ಯಾವ ಉಪಾಯಕ್ಕೂ ಬಗ್ಗದ್ದು ಚಿತ್ರದ ಹಿನ್ನೆಲೆ. ಗುಡಿಯ ಗೋಪುರ, ಊರ ಹೆಸರಿನ ಫಲಕ ಕಂಡರೆ ಟಿಪ್ಪಣಿ ತೆಗೆದೂ ಪ್ರಯೋಜನವಿಲ್ಲ. ಅಂಥ ಚಿತ್ರವನ್ನು ಯಾರಿಗೂ ಕಳಿಸಬೇಡಿ, ಅಳಿಸಲೂ ಬೇಡಿ.