ಮೂರು ಮೀಟರ್, ಒಂದೇ ಸಂಸಾರ

ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ ಇಳಿದು ಒಳಗಿನ ಯಾವ ಕ್ರಾಸಿಗೆ ಹೋದರೂ ಒಂದೇ ಥರದ ಕಟ್ಟಡಗಳು ಕಾಣಿಸುತ್ತವೆ. 30-40ರ ಸೈಟು, ಕೆಳಗೆ ಮಾಲೀಕರ ಮನೆ, ಮೇಲೆ ಎರಡು ಬಾಡಿಗೆ ಮನೆ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಸಾಲಾಗಿ ಮೂರು ಬೆಸ್ಕಾಂ ಮೀಟರ್, ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡು. ಇಂಥ ಒಂದು ಕಟ್ಟಡದ ಆಸ್ತಿ ತೆರಿಗೆ ಅರ್ಜಿಯಲ್ಲಿ ಮಾಲೀಕರು ಮೂರೂ ಅಂತಸ್ತು 'ಸ್ವಂತ ವಾಸ' ಅಂತ ಬರೆದಿದ್ದಾರೆ ಅಂದುಕೊಳ್ಳಿ. ಮೀಟರ್ ಮೂರು, ಸಂಸಾರ ಒಂದೇ! ಇದನ್ನು ನಾವು ಸಾಮಾನ್ಯವಾಗಿ 'ಅಪ್ರಾಮಾಣಿಕತೆ' ಅಂತ ಕರೆದು ಮುಂದೆ ಹೋಗ್ತೀವಿ. ನನಗೆ ಇದರಲ್ಲಿ ಕಾಣೋದು ಗಣಿತ. ಆ ಗಣಿತದಲ್ಲಿ ಮಾಲೀಕರಿಗಿಂತ ದಡ್ಡತನ ತೋರಿಸಿದ್ದು ಸರ್ಕಾರವೇ ಅನ್ನೋದು ನನ್ನ ತಕರಾರು.

ಮೊದಲು ಈ ತೆರಿಗೆ ಹೇಗೆ ಲೆಕ್ಕ ಆಗುತ್ತೆ ನೋಡೋಣ. 2000ದಿಂದ ಬೆಂಗಳೂರಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂತು. ಅಂದರೆ ನಿಮ್ಮ ಮನೆಯ ಅಳತೆ, ಬಳಕೆ ಎಲ್ಲವನ್ನೂ ನೀವೇ ಬರೆದು, ನೀವೇ ಲೆಕ್ಕ ಹಾಕಿ ಕಟ್ಟೋದು. 2008ರಲ್ಲಿ ಬಂದ ವಿಧಾನದಲ್ಲಿ ನಗರವನ್ನು ಎ-ಯಿಂದ ಎಫ್‌ವರೆಗೆ ವಲಯಗಳಾಗಿ ವಿಂಗಡಿಸಿ, ಚದರಡಿಗೆ ತಿಂಗಳಿಗೆ ಇಷ್ಟು ಅಂತ ದರ ಇಟ್ಟರು. ಅದರಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ದರದ ಎರಡು ಪಟ್ಟು. ವಿಸ್ತೀರ್ಣವನ್ನು ದರದಿಂದ ಗುಣಿಸಿ, ಹತ್ತು ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡದ ವಯಸ್ಸಿಗೆ ಸವಕಳಿ ಕಳೆದು, ಉಳಿದದ್ದರ ಶೇಕಡಾ 20 ತೆರಿಗೆ. ಅದರ ಮೇಲೆ ಸೆಸ್ಸು.

ನಮ್ಮ ಮಾದರಿ ಮನೆಗೆ ಇದನ್ನೇ ಹಾಕೋಣ. ಲೆಕ್ಕ ಸುಲಭವಾಗಲಿ ಅಂತ ಸ್ವಂತ ವಾಸಕ್ಕೆ 2 ರೂಪಾಯಿ, ಬಾಡಿಗೆಗೆ 4 ರೂಪಾಯಿ ಅಂತಿಟ್ಟುಕೊಳ್ಳಿ. ಸವಕಳಿ, ಸೆಸ್ಸು ಬಿಟ್ಟುಬಿಡೋಣ. ಮೇಲಿನ ಎರಡು ಮನೆ ತಲಾ 800 ಚದರಡಿ, ಒಟ್ಟು 1,600. 'ಬಾಡಿಗೆ' ಅನ್ನೋ ಜಾಗದಲ್ಲಿ 'ಸ್ವಂತ' ಅಂತ ಬರೆದರೆ ಚದರಡಿಗೆ 2 ರೂಪಾಯಿ ವ್ಯತ್ಯಾಸ. 1,600ನ್ನು 2ರಿಂದ, ಮತ್ತೆ 10ರಿಂದ ಗುಣಿಸಿದರೆ 32,000. ಅದರ ಶೇಕಡಾ 20 ಅಂದರೆ 6,400. ವರ್ಷಕ್ಕೆ 6,400 ರೂಪಾಯಿ ಉಳಿತಾಯ, ಒಂದೇ ಒಂದು ಪದ ಬದಲಿಸಿದ್ದಕ್ಕೆ.

ಈಗ ಸಿಕ್ಕಿಬೀಳುವ ಮಾತು. 1972ರಲ್ಲಿ ಅಲಿಂಗ್ಹ್ಯಾಮ್ ಮತ್ತು ಸ್ಯಾಂಡ್ಮೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ತೆರಿಗೆ ತಪ್ಪಿಸೋದನ್ನು ಜೂಜಿನ ಹಾಗೆ ನೋಡಿ ಒಂದು ಪ್ರಬಂಧ ಬರೆದರು. ಸಿಕ್ಕಿಬೀಳದಿದ್ದರೆ ಇಷ್ಟು ಲಾಭ, ಸಿಕ್ಕಿಬಿದ್ದರೆ ಇಷ್ಟು ನಷ್ಟ. ಎರಡರ ಸಾಧ್ಯತೆ ಗೊತ್ತಿದ್ದರೆ ಲೆಕ್ಕಾಚಾರದ ಮನುಷ್ಯ ಏನು ಮಾಡ್ತಾನೆ ಅನ್ನೋದು ಅವರ ಪ್ರಶ್ನೆ. ಸಿಕ್ಕಿಬೀಳುವ ಸಾಧ್ಯತೆಯನ್ನು `p` ಅನ್ನೋಣ, ದಂಡ ತೆರಿಗೆಯ ಎಷ್ಟು ಪಟ್ಟು ಅನ್ನೋದನ್ನು `f` ಅನ್ನೋಣ. ಸಿಕ್ಕಿಬಿದ್ದವನು ತಪ್ಪಿಸಿದ ತೆರಿಗೆಯನ್ನೂ ಕಟ್ಟಬೇಕು, ದಂಡವನ್ನೂ ಕಟ್ಟಬೇಕು. ಹಾಗಾಗಿ ಪ್ರಾಮಾಣಿಕವಾಗಿ ಕಟ್ಟೋದೇ ಲಾಭ ಅನ್ನಿಸಬೇಕಾದರೆ ಈ ಷರತ್ತು ಸಾಕು:

`p × (1 + f) > 1`

2020ರ ಬಿಬಿಎಂಪಿ ಕಾಯ್ದೆಯಲ್ಲಿ ತಪ್ಪು ಘೋಷಣೆಗೆ ದಂಡ ತಪ್ಪಿಸಿದ ತೆರಿಗೆಯ ಎರಡು ಪಟ್ಟು ಇತ್ತು, ಮೇಲೆ ಬಡ್ಡಿ. ಅಂದರೆ ನಮ್ಮ ಮಾಲೀಕರು ಸಿಕ್ಕಿಬಿದ್ದರೆ 6,400ರ ಜೊತೆ 12,800, ಒಟ್ಟು 19,200 ಕಟ್ಟಬೇಕು. ಷರತ್ತಿನ ಪ್ರಕಾರ ಸಿಕ್ಕಿಬೀಳುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಅವರು ಸುಮ್ಮನೆ ನಿಜ ಬರೆಯೋದು ಒಳ್ಳೇದು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ದಂಡ ತೆರಿಗೆಯಷ್ಟಕ್ಕೇ, ಅಂದರೆ ಒಂದು ಪಟ್ಟಿಗೆ ಇಳಿಯಿತು. ಈಗ ಆ ಗಡಿ ಎರಡರಲ್ಲಿ ಒಂದು. ಮೂರರಲ್ಲಿ ಒಂದು ಸಾಲದು, ಅರ್ಧದಷ್ಟು ಜನ ಸಿಕ್ಕಿಬೀಳಬೇಕು.

'ವರ್ಷಕ್ಕೆ ಅರ್ಧದಷ್ಟು ಮನೆ ಯಾವ ಪಾಲಿಕೆ ತಾನೇ ಪರಿಶೀಲಿಸುತ್ತೆ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಈ ವರ್ಷ ತಪ್ಪಿಸಿದ 6,400 ಈ ವರ್ಷವೇ ಸಿಕ್ಕಿಬೀಳಬೇಕು ಅಂತೇನಿಲ್ಲ. ಮುಂದೆ ಯಾವಾಗ ಬಂದು ನೋಡಿದರೂ ಹಳೇ ಬಾಕಿ ಸೇರಿಸಿಯೇ ಕೇಳ್ತಾರೆ. ವರ್ಷಕ್ಕೆ ಹತ್ತು ಮನೆಗೆ ಒಂದರಂತೆ ಪರಿಶೀಲಿಸ್ತಾರೆ, ಆರು ವರ್ಷ ಹಿಂದಿನವರೆಗೆ ಕೆದಕ್ತಾರೆ ಅಂತಿಟ್ಟುಕೊಳ್ಳಿ. ಆರು ಸಲವೂ ತಪ್ಪಿಸಿಕೊಳ್ಳುವ ಸಾಧ್ಯತೆ 0.9ನ್ನು ಆರು ಸಲ ಗುಣಿಸಿದಷ್ಟು. ಆಗ ಒಮ್ಮೆಯಾದರೂ ಸಿಕ್ಕಿಬೀಳುವ ಸಾಧ್ಯತೆ:

`1 - 0.9^6 = 0.47`

ನೂರಕ್ಕೆ 47. ಈ ಸಂಖ್ಯೆ ಎಲ್ಲಿ ಕೂತಿದೆ ನೋಡಿ. ದಂಡ ಎರಡು ಪಟ್ಟಿದ್ದಾಗ ಗಡಿ 33, ಆಗ ನಿಜ ಹೇಳೋದೇ ಜಾಣತನ. ದಂಡ ಒಂದು ಪಟ್ಟಾದಾಗ ಗಡಿ 50, ಆಗ ಸುಳ್ಳು ಹೇಳೋದೇ ಜಾಣತನ. ಮನೆ ಅದೇ, ಮಾಲೀಕರು ಅವರೇ, ಪರಿಶೀಲನೆ ಅಷ್ಟೇ. ಬದಲಾಗಿದ್ದು ಕಾಯ್ದೆಯ ಒಂದು ಸಾಲು. ದಂಡ ಇಳಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಇಳಿಸುವಾಗ ಇನ್ನೊಂದು ಕಡೆ ಪರಿಶೀಲನೆ ಏರಿಸದಿದ್ದರೆ ತಕ್ಕಡಿ ಎತ್ತ ವಾಲುತ್ತೆ ಅನ್ನೋದು ಮೊದಲೇ ಗೊತ್ತಿರೋ ವಿಷಯ ಅಂತ ಹೇಳ್ತಿದ್ದೀನಿ.

ಆದರೆ ಎರಡು ಪಟ್ಟು ದಂಡವನ್ನೇ ಉಳಿಸಿಕೊಂಡಿದ್ದರೆ ಸಾಕಿತ್ತಾ? ಇಲ್ಲ. 2021ರಲ್ಲಿ ಇದರ ಪರೀಕ್ಷೆ ಆಗಿಹೋಗಿದೆ. ತಪ್ಪು ವಲಯ ಬರೆದು ಕಡಿಮೆ ತೆರಿಗೆ ಕಟ್ಟಿದ್ದಾರೆ ಅಂತ ಬಿಬಿಎಂಪಿ ಸುಮಾರು 78 ಸಾವಿರ ಆಸ್ತಿಗಳ ಮಾಲೀಕರಿಗೆ ನೋಟಿಸ್ ಕೊಟ್ಟಿತು. ವ್ಯತ್ಯಾಸದ ಹಣ, ಎರಡು ಪಟ್ಟು ದಂಡ, ವರ್ಷಗಟ್ಟಲೆಯ ಬಡ್ಡಿ. ಗೊತ್ತಿದ್ದೇ ಸುಳ್ಳು ಬರೆದವರೂ, ವಲಯ ಬದಲಾಗಿದ್ದು ಗೊತ್ತಿಲ್ಲದವರೂ ಒಂದೇ ಸಾಲಲ್ಲಿ ನಿಂತರು. ಗದ್ದಲ ಎದ್ದಿತು. ದಂಡ ಬಿಡಿ, ವ್ಯತ್ಯಾಸ ಮಾತ್ರ ಕಟ್ಟಿಸಿಕೊಳ್ಳಿ ಅನ್ನುವ ಒತ್ತಾಯ ಬಂತು. ಕಾಗದದ ಮೇಲಿನ `f` ಎಷ್ಟೇ ದೊಡ್ಡದಿರಲಿ, ವಸೂಲಿ ಮಾಡೋಕೆ ಆಗದಿದ್ದರೆ ಮಾಲೀಕರ ಲೆಕ್ಕದಲ್ಲಿ ಅದು ಸಣ್ಣದೇ. ಇನ್ನೊಂದು ಅಪಾಯವೂ ಇದೆ. ದಂಡ ದೊಡ್ಡದಾದಷ್ಟೂ, ಪರಿಶೀಲಿಸೋಕೆ ಬಂದವರ ಜೊತೆ ಗೇಟಿನಲ್ಲೇ 'ಸೆಟ್ಲ್' ಮಾಡಿಕೊಳ್ಳುವ ಆಸೆಯೂ ದೊಡ್ಡದಾಗುತ್ತೆ. 19,200 ಕಟ್ಟಬೇಕಾದವನು 5,000 ಕೈಗಿಟ್ಟು ಮುಗಿಸಿದರೆ ಅವನ ಪಾಲಿಗೆ ನಿಜವಾದ ದಂಡ ಆ 5,000 ಮಾತ್ರ.

2024ರ ಕ್ರಮಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದದ್ದು 'ಒಂದು ಬಾರಿಯ ಪರಿಹಾರ' ಯೋಜನೆ, ಎಲ್ಲರ ಬಾಯಲ್ಲಿ ಓಟಿಎಸ್. ಬಡ್ಡಿ ಮನ್ನಾ, ದಂಡದಲ್ಲಿ ರಿಯಾಯಿತಿ. ಗಡುವು ಜುಲೈ 31 ಅಂದರು, ಸೆಪ್ಟೆಂಬರ್ 30 ಆಯಿತು, ಆಮೇಲೆ ನವೆಂಬರ್ 30. ಬಾಕಿ ವಸೂಲಿಗೆ ಇದು ಒಳ್ಳೇ ಉಪಾಯ ಇರಬಹುದು, ಆ ವರ್ಷದ ಬೊಕ್ಕಸ ತುಂಬಬಹುದು. ಮುಂದಿನ ವರ್ಷಗಳ ಲೆಕ್ಕ ಏನಾಗುತ್ತೆ? ದಂಡ ತೆರಿಗೆಯ ಅರ್ಧಕ್ಕೆ ಇಳಿದೀತು ಅಂತ ಮಾಲೀಕರು ನಂಬಿದರೆ ಗಡಿ ಮೂರರಲ್ಲಿ ಎರಡಕ್ಕೆ ಏರುತ್ತೆ. ಬಡ್ಡಿಯೂ ಮನ್ನಾ ಅಂದರೆ ತಪ್ಪಿಸಿದ ತೆರಿಗೆ ಪಾಲಿಕೆ ಕೊಟ್ಟ ಬಡ್ಡಿಯಿಲ್ಲದ ಸಾಲ ಆಯಿತು. ಇಂಥ ರಿಯಾಯಿತಿಯ ಪರಿಣಾಮ ಇರೋದೇ 'ಇದು ಕೊನೇ ಸಲ' ಅನ್ನುವ ನಂಬಿಕೆಯಲ್ಲಿ. ಗಡುವನ್ನು ಎರಡು ಸಲ ಮುಂದೆ ಹಾಕಿದವರು 'ಕೊನೇ ಸಲ' ಅಂದರೆ ಯಾರು ನಂಬ್ತಾರೆ? ಪಕ್ಕದ ಮನೆಯಲ್ಲಿ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿ, ಬೇಗ ಕಟ್ಟಿದ್ದಕ್ಕೆ ಸಿಗುವ ಶೇಕಡಾ 5 ರಿಯಾಯಿತಿಗೆ ಖುಷಿಪಟ್ಟ ಮೇಷ್ಟ್ರು ಈ ಪಾಠವನ್ನು ತಡವಾಗಿಯಾದರೂ ಕಲೀತಾರೆ.

ಹಾಗಾದರೆ ಏರಿಸಬೇಕಾದ್ದು `p`. ಅದಕ್ಕೆ ಮನೆಮನೆಗೆ ಇನ್‌ಸ್ಪೆಕ್ಟರನ್ನು ಕಳಿಸಬೇಕು ಅಂತಲ್ಲ. ಡೆನ್ಮಾರ್ಕಿನಲ್ಲಿ ಸುಮಾರು 40 ಸಾವಿರ ತೆರಿಗೆದಾರರ ಮೇಲೆ ನಡೆದು, 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಸಾರ ಇಷ್ಟು: ಕಂಪನಿಯೋ ಬ್ಯಾಂಕೋ ನೇರವಾಗಿ ಸರ್ಕಾರಕ್ಕೆ ವರದಿ ಮಾಡುವ ಆದಾಯದಲ್ಲಿ ಕಳ್ಳತನ ಹೆಚ್ಚುಕಡಿಮೆ ಸೊನ್ನೆ, ತಾವೇ ಘೋಷಿಸುವ ಆದಾಯದಲ್ಲಿ ಸಾಕಷ್ಟು. ನಮ್ಮಂಥ ಸಾಫ್ಟ್‌ವೇರ್ ನೌಕರರು ಪ್ರಾಮಾಣಿಕರಾಗಿ ಕಾಣೋದೂ ಇದೇ ಕಾರಣಕ್ಕೆ. ಸಂಬಳ ಕೈಗೆ ಬರೋ ಮೊದಲೇ ಟಿಡಿಎಸ್ ಕತ್ತರಿಸಿರ್ತಾರೆ, ನಮ್ಮ `p` ಸುಮಾರು 1. ಅದು ಗುಣ ಅಲ್ಲ, ವ್ಯವಸ್ಥೆ.

ಬಾಡಿಗೆ ಮನೆಗೂ ಇಂಥ ಮೂರನೆಯವರ ಸಾಕ್ಷಿ ಇದೆ. ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಬಾಡಿಗೆ ಕಟ್ಟಿ ಎಚ್‌ಆರ್‌ಎ ಕೇಳುವ ನೌಕರ ಮಾಲೀಕರ ಪ್ಯಾನ್ ನಂಬರ್ ಕೊಡಬೇಕು. 'ಪ್ಯಾನ್ ಮಾತ್ರ ಕೇಳಬೇಡಿ' ಅನ್ನುವ ಓನರ್‌ಗಳು ಯಾಕಿದ್ದಾರೆ ಅಂತ ಈಗ ಬಿಡಿಸಿ ಹೇಳಬೇಕಿಲ್ಲ. ಆದರೆ ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿಯೇ ಇಲ್ಲ. ಅದಕ್ಕೆ ಹೋದ ಬಾಡಿಗೆದಾರನಿಗೆ ಮಾಲೀಕರ ಪ್ಯಾನ್ ಕೇಳುವ ಅಗತ್ಯವೂ ಇಲ್ಲ. ಆ ಸಾಕ್ಷಿ ಸದ್ದಿಲ್ಲದೆ ಕಮ್ಮಿ ಆಗ್ತಿದೆ. ಉಳಿದದ್ದು ಗೋಡೆಯ ಮೇಲಿನ ಮೀಟರ್. 2023ರಲ್ಲಿ ಗೃಹಜ್ಯೋತಿಗೆ ಬಾಡಿಗೆದಾರರು ತಮ್ಮ ಆಧಾರ್ ಅನ್ನು ಮೀಟರಿನ ಅಕೌಂಟ್ ಐಡಿಗೆ ಜೋಡಿಸಿದರು. ಒಂದೇ ಕಟ್ಟಡ, ಮೂರು ಮೀಟರ್, ಮೂರು ಬೇರೆ ಬೇರೆ ಹೆಸರು. 'ಸ್ವಂತ ವಾಸ' ಅನ್ನುವ ಘೋಷಣೆಯ ಪಕ್ಕ ಇದನ್ನಿಟ್ಟರೆ ಅನುಮಾನ ಬರೋಕೆ ದೊಡ್ಡ ಪ್ರೋಗ್ರಾಮ್ ಏನೂ ಬೇಕಾಗಿಲ್ಲ.

ಹಾಗಂತ ನಾಳೆಯೇ ಎಲ್ಲರಿಗೂ ದಂಡದ ನೋಟಿಸ್ ಕಳಿಸಿದರೆ ಕೆಲಸ ಕೆಡುತ್ತೆ. ಮೊದಲನೆಯದಾಗಿ, ಮೀಟರ್ ಅನುಮಾನ ಮಾತ್ರ, ರುಜುವಾತಲ್ಲ. ಮೇಲಿನ ಮನೆಯಲ್ಲಿ ತಮ್ಮನೋ ಮದುವೆಯಾದ ಮಗಳೋ ಇರಬಹುದು. ಎರಡನೆಯದು, ಜನ ಸಾಕ್ಷಿಯನ್ನೇ ಅಳಿಸ್ತಾರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ಕ್ಯಾಶ್ ಮಾತ್ರ' ಚೀಟಿ ಬಂತು. ಮೀಟರನ್ನೇ ಪೊಲೀಸ್ ಮಾಡಿದರೆ 'ಗೃಹಜ್ಯೋತಿ ಮಾಡಿಸಬೇಡಿ' ಅನ್ನುವ ಷರತ್ತು ಬಾಡಿಗೆದಾರನ ತಲೆಗೇ ಬರುತ್ತೆ.

ಅದಕ್ಕೇ ಮೊದಲ ಕಾಗದ ದಂಡದ್ದಾಗದೆ ಪ್ರಶ್ನೆಯಾಗಿರಲಿ: 'ನಿಮ್ಮ ಕಟ್ಟಡದಲ್ಲಿ ಮೂರು ಮೀಟರ್ ಇವೆ, ಘೋಷಣೆ ಸರಿಯಿದೆಯೇ?' ತಿದ್ದಿಕೊಂಡವರು ವ್ಯತ್ಯಾಸ, ಬಡ್ಡಿ ಕಟ್ಟಲಿ. ಪ್ರಶ್ನೆ ಬಂದ ಮೇಲೂ ಸುಳ್ಳು ಹೇಳಿದವರಿಗೆ ಒಂದು ಪಟ್ಟು ದಂಡ, ರಿಯಾಯಿತಿ ಇಲ್ಲದೆ. ಹತ್ತು ಸುಳ್ಳಿನಲ್ಲಿ ಎಂಟು ಹೀಗೆ ಸಿಕ್ಕಿಬಿದ್ದರೆ `0.8 × 2` ಅಂದರೆ 1.6. ಗಡಿ 1. ಎರಡು ಪಟ್ಟು ದಂಡದ ಗದರಿಕೆಯೂ ಬೇಡ, ಓಟಿಎಸ್ ಎಂಬ ಕ್ಷಮಾಭಿಕ್ಷೆಯೂ ಬೇಡ. ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಾದರೂ ಮಾಲೀಕರು ಕೂಡಿ ಕಳೆಯೋದು ಇದೇ ಎರಡು ಸಂಖ್ಯೆಗಳನ್ನು. ಹೊಸ ಪಾಲಿಕೆಗಳು ಇನ್ನೊಂದು ಓಟಿಎಸ್ ಘೋಷಿಸಿದ ದಿನ, ಅವರೂ ಲೆಕ್ಕ ಕಲಿತಿಲ್ಲ ಅಂತ ತಿಳಿದುಕೊಳ್ಳಿ.