ಹನ್ನೆರಡು ವರ್ಷದ ಗಡುವು

ಹೊಲ ಊರಲ್ಲಿ ಬಿಟ್ಟು ಬೆಂಗಳೂರಿಗೆ ಬಂದ ನನ್ನಂಥವರಿಗೆ 1963ರ ಕಾಲಮಿತಿ ಕಾಯ್ದೆ ಹೇಳೋದಿಷ್ಟು: ಬೇರೆಯವರು ನಿಮ್ಮ ಜಮೀನನ್ನು ತಮ್ಮದೇ ಅಂತ ರಾಜಾರೋಷವಾಗಿ ಸತತ 12 ವರ್ಷ ಅನುಭವಿಸಿ, ನೀವು ದಾವೆ ಹೂಡದೆ ಕೂತರೆ, ನಿಮ್ಮ ಹಕ್ಕೇ ಹೋಯಿತು. ನೋಡಿಕೊಳ್ಳಲಿ ಅಂತ ನೀವೇ ಕೊಟ್ಟಿದ್ದರೆ, ಆ ಒಪ್ಪಿಗೆ ಇರುವಷ್ಟು ಕಾಲ ಅದು ಪ್ರತಿಕೂಲ ಸ್ವಾಧೀನವಲ್ಲ.

ಕಾರಣ ಒಪ್ಪುವಂಥದ್ದೇ. ಸಾಕ್ಷಿಗಳು ಸಾಯ್ತಾರೆ, ಪತ್ರ ಕಳೆಯುತ್ತವೆ, ಜಗಳಕ್ಕೊಂದು ಕೊನೆ ಬೇಕು. ಆದರೆ ಮಾಲೀಕ ಯಾರೆಂದು ದಾಖಲೆಯೇ ಹೇಳುವಾಗ? ಇಂಗ್ಲೆಂಡ್ 2002ರಲ್ಲಿ ನೋಂದಾಯಿತ ಜಮೀನಿಗೆ ನಿಯಮ ಬದಲಿಸಿತು: 10 ವರ್ಷ ಅನುಭವಿಸಿದವನು ಅರ್ಜಿ ಹಾಕಿದರೆ ಮಾಲೀಕನಿಗೆ ನೋಟಿಸ್ ಹೋಗುತ್ತೆ, ಆತ ವಿರೋಧಿಸಿದರೆ ಸಾಮಾನ್ಯವಾಗಿ ಅರ್ಜಿ ಬಿದ್ದುಹೋಗುತ್ತೆ.

ನಮ್ಮ ಪಹಣಿ ಒಡೆತನದ ಖಾತರಿಯಲ್ಲ. ಹಾಗಾಗಿ ಗಡುವು ಇರಲಿ. ಆದರೆ ಪಹಣಿಯಲ್ಲಿ ಹೆಸರಿರುವವನಿಗೆ ಒಂದು ನೋಟಿಸೂ ಇಲ್ಲದೆ ಅದು ಮುಗಿಯೋದು ನ್ಯಾಯವೇ?