ಪ್ರಬಂಧದ ಕಟ್ಟು: ಒಂದು ಹಿಮ್ಮುಖ ಪರೀಕ್ಷೆ

ಪ್ರಬಂಧವನ್ನು ಬರೆಯುವ ಮುನ್ನ ರೂಪರೇಷೆಯನ್ನು ಹಾಕಿಕೊಳ್ಳುವುದು ರೂಢಿ. ಬರೆದು ಮುಗಿದ ಪ್ರಬಂಧದಿಂದಲೇ ಅದರ ರೂಪರೇಷೆಯನ್ನು ಹೊರತೆಗೆಯುವುದು ಇನ್ನೊಂದು ಕ್ರಮ. ಮೊದಲನೆಯದು ಲೇಖಕನು ಹೇಳಬಯಸಿದುದನ್ನು ತೋರಿಸಿದರೆ, ಎರಡನೆಯದು ಅವನು ನಿಜವಾಗಿ ಹೇಳಿರುವುದನ್ನು ತೋರಿಸುತ್ತದೆ.

ಇದಕ್ಕೆ ಪರಿಚ್ಛೇದಗಳಿಗೆ ಸಂಖ್ಯೆ ಕೊಟ್ಟು, ಪ್ರತಿಯೊಂದರ ಸಾರವನ್ನು ಒಂದೇ ವಾಕ್ಯದಲ್ಲಿ ಬೇರೆ ಹಾಳೆಯ ಮೇಲೆ ಬರೆಯಬೇಕು. ಅದು ವಿಷಯದ ಹೆಸರಾಗಿರದೆ ಪೂರ್ಣ ಹೇಳಿಕೆಯಾಗಿರಬೇಕು. "ಅಕ್ಕನ ಜೀವನ" ಎಂದು ಬರೆದರೆ ಏನೂ ತಿಳಿಯದು. ಅಕ್ಕನ ಜೀವನದಿಂದ ಏನನ್ನು ಸಾಧಿಸಿದೆ ಎಂಬುದನ್ನು ಬರೆಯಬೇಕು. ಅನಂತರ ಪ್ರಬಂಧವನ್ನು ಮುಚ್ಚಿಟ್ಟು, ಆ ವಾಕ್ಯಗಳನ್ನಷ್ಟೇ ಓದಬೇಕು.

ಅಂಕಿತವೊಂದೇ ವಚನದ ಕರ್ತೃತ್ವವನ್ನು ನಿರ್ಣಯಿಸಲಾರದೆಂದು ಸಾಧಿಸಹೊರಟ, 8 ಪರಿಚ್ಛೇದಗಳ ಪ್ರಬಂಧವೊಂದನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. 1ನೆಯದು ಈ ಪ್ರತಿಜ್ಞೆ. 2ನೆಯದು ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳನ್ನು ಅವರವರ ವಚನಕಾರರಿಗೆ ಹೊಂದಿಸುತ್ತದೆ. 3ನೆಯದು ಅಕ್ಕಮಹಾದೇವಿಯ ಚರಿತ್ರೆ. 4ನೆಯದು ಲಿಪಿಕಾರರಿಂದ ಅಂಕಿತ ಬದಲಾಗಬಹುದೆಂದೂ ಹಾಡುವವರಿಂದಲೂ ಬದಲಾಗಬಹುದೆಂದೂ ಹೇಳುತ್ತದೆ. 5ನೆಯದು 1923ರಲ್ಲಿ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಅಚ್ಚಾದುದನ್ನು ತಿಳಿಸುತ್ತದೆ. 6ನೆಯದು ಶೈಲಿಯನ್ನೂ ಪರೀಕ್ಷಿಸಬೇಕೆನ್ನುತ್ತದೆ. 7ನೆಯದು ಮತ್ತೆ ಲಿಪಿಕಾರರ ಪ್ರಮಾದ. 8ನೆಯದು, "ಆದುದರಿಂದ ಓಲೆಗರಿಯ ಪ್ರತಿಗಳನ್ನು ಹೋಲಿಸಿ ನೋಡಬೇಕು" ಎಂದು ಮುಗಿಯುತ್ತದೆ.

ದೋಷಗಳು ಈಗ ತಾವಾಗಿಯೇ ಗೋಚರಿಸುತ್ತವೆ. 3 ಮತ್ತು 5ನ್ನು ತೆಗೆದರೂ ವಾದಕ್ಕೆ ನಷ್ಟವಿಲ್ಲ. ಅವು ಲೇಖಕನು ಓದಿದ್ದ ಸಂಗತಿಗಳೇ ಹೊರತು ಆಧಾರಗಳಲ್ಲ. 4ರಲ್ಲಿ ಎರಡು ಕಾರಣಗಳು ಬೆರೆತಿವೆ. ಅವುಗಳಲ್ಲೊಂದು 7ರಲ್ಲಿ ಪುನರಾವರ್ತಿಸಿದೆ. ಇವೆಲ್ಲ ತೆಗೆದು, ಕೂಡಿಸಿ ಸರಿಪಡಿಸಬಹುದಾದ ದೋಷಗಳು.

ಕಟ್ಟಡ ನಿಜವಾಗಿ ಮುರಿದಿರುವುದು 7 ಮತ್ತು 8ರ ನಡುವೆ. ಪ್ರತಿಗಳ ಹೋಲಿಕೆಯ ಮಾತು ಹಿಂದೆ ಎಲ್ಲಿಯೂ ಬಂದಿಲ್ಲ. ಬಂದ ಪರಿಹಾರವೆಂದರೆ 6ರ ಶೈಲಿಪರೀಕ್ಷೆಯೊಂದೇ. ಓದುವಾಗ "ಆದುದರಿಂದ" ಎಂಬ ಪದ ಈ ಕಂದಕವನ್ನು ಮುಚ್ಚಿತ್ತು. ಲಿಪಿಕಾರರ ಕಾರಣವನ್ನು ಒಂದೆಡೆ ಕೂಡಿಸಿ, ಒಂದೇ ವಚನ ಎರಡು ಪ್ರತಿಗಳಲ್ಲಿ ಭಿನ್ನ ಅಂಕಿತಗಳೊಡನೆ ದೊರೆತರೆ ಯಾವುದನ್ನು ಹೇಗೆ ಒಪ್ಪಬೇಕೆಂಬುದನ್ನು ಒಂದು ನಿದರ್ಶನದಿಂದ ವಿವರಿಸುವ ಹೊಸ ಪರಿಚ್ಛೇದ ಅಲ್ಲಿ ಬರಬೇಕು. ಅಂಥ ನಿದರ್ಶನ ಲೇಖಕನಲ್ಲಿ ಇಲ್ಲದಿದ್ದರೆ, ಬದಲಿಸಬೇಕಾದುದು ಉಪಸಂಹಾರವನ್ನೇ.

ಈ ಕ್ರಮಕ್ಕೊಂದು ಅಪಾಯವುಂಟು. ಲೇಖಕನು ತನ್ನ ಮನಸ್ಸಿನಲ್ಲಿದ್ದುದನ್ನೇ ಸಾರವೆಂದು ಬರೆದುಬಿಟ್ಟರೆ ಬಿರುಕು ಕಾಣಿಸದು. ಕೆಲವು ದಿನ ಕಳೆದ ಮೇಲೆ ಮಾಡುವುದು, ಇಲ್ಲವೆ ಬೇರೊಬ್ಬರಿಂದ ಮಾಡಿಸುವುದು ಕ್ಷೇಮ. ಹಾಗೆಯೇ ಇದಕ್ಕೊಂದು ಮಿತಿಯೂ ಇದೆ: ಇದು ವಾಕ್ಯಗಳ ಸಂಬಂಧವನ್ನು ಪರೀಕ್ಷಿಸುತ್ತದೆಯೇ ಹೊರತು ಅವುಗಳ ಸತ್ಯವನ್ನಲ್ಲ. ಕ್ರಮಬದ್ಧವಾದ ತಪ್ಪು ಈ ಜರಡಿಯಲ್ಲಿ ಸಿಕ್ಕಿಬೀಳದು. ಅದಕ್ಕೆ ಮೂಲಗ್ರಂಥವನ್ನೇ ತೆರೆಯಬೇಕು.